ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿಯಬೇಡಿ

ರಾಗಿ ಕೊಯ್ಲಿನ ದಿನಗಳಲ್ಲಿ ಹಳೇ ಮೈಸೂರು ಸೀಮೆಯ ಹೊಲಗಳಲ್ಲಿ ಕೊಳಕುಮಂಡಲ ಎದುರಾಗುವುದು ಹೊಸದೇನಲ್ಲ. ಕಾಳು ಉದುರಿದ ಕಡೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕೇರೆಹಾವಾದರೆ ಹೆಜ್ಜೆ ಸಪ್ಪಳಕ್ಕೇ ಸರಿದುಹೋಗುತ್ತದೆ. ಕೊಳಕುಮಂಡಲ ಸಾಮಾನ್ಯವಾಗಿ ಹಾಗೆ ಓಡುವ ಹಾವಲ್ಲ. ಒಣ ಎಲೆ, ಮಣ್ಣಿನ ಬಣ್ಣದಲ್ಲಿ ಬೆರೆತು ಇದ್ದಲ್ಲೇ ಸುರುಳಿ ಸುತ್ತಿ ಕೂರುತ್ತದೆ, ತೀರಾ ಹತ್ತಿರ ಹೋದಾಗ ಕುಕ್ಕರಿನಿಂದ ಆವಿ ಬಿಟ್ಟಂತೆ ಬುಸುಗುಡುತ್ತದೆ. ಅಷ್ಟರಲ್ಲಿ ಬರಿಗಾಲು ಅದರ ಪಕ್ಕದಲ್ಲೋ ಮೇಲೋ ಬಿದ್ದಿರುತ್ತದೆ. ಹೊಲದಲ್ಲಿ ಪಾದ, ಹಿಮ್ಮಡಿ, ಕಣಕಾಲುಗಳೇ ಹೆಚ್ಚಾಗಿ ಕಚ್ಚಿಸಿಕೊಳ್ಳುವುದು ಇದರಿಂದಲೇ.

2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆಂದು ಸಾವಿನ ಕಾರಣಗಳ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿತು. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಬಹುಪಾಲು ಹಳ್ಳಿಯವರು. ಇದಕ್ಕೆ ಮದ್ದಿಲ್ಲವೆಂದಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಕೆಲಸ ಮಾಡುವ ಒಂದೇ ಪ್ರತಿವಿಷ ನಮ್ಮಲ್ಲೇ ತಯಾರಾಗುತ್ತದೆ. ಆದರೂ ಜನ ಸಾಯುತ್ತಾರೆ. ಕಚ್ಚಿದ ಗಳಿಗೆಗೂ ಆ ಮದ್ದು ರಕ್ತನಾಳ ಸೇರುವ ಗಳಿಗೆಗೂ ನಡುವೆ ಕಳೆದುಹೋಗುವ ಹೊತ್ತೇ ಅದಕ್ಕೆ ದೊಡ್ಡ ಕಾರಣ. ಆ ಹೊತ್ತಿನಲ್ಲಿ ನಮ್ಮವರು ಪ್ರೀತಿಯಿಂದ, ಗಾಬರಿಯಿಂದ ಮಾಡುವ ಕೆಲಸಗಳಲ್ಲಿ ನನ್ನ ಪ್ರಕಾರ ಅತಿ ಅಪಾಯದ್ದು ಮಂತ್ರವಲ್ಲ. ಹಗ್ಗ.

ಮಂತ್ರ ಹಾಕಿಸುವುದು, ಬೇರು ಅರೆದು ಕುಡಿಸುವುದು ತಪ್ಪೆಂದು ಓದಿದವರಿಗೆ ಗೊತ್ತಿದೆ. ಆದರೆ ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟಬೇಕೆಂಬ ಮಾತನ್ನು ಮೇಷ್ಟ್ರೂ ಹೇಳುತ್ತಾರೆ, ಪಟ್ಟಣದ ಪದವೀಧರನೂ ಹೇಳುತ್ತಾನೆ. ಹಿಂದಿನ ಪ್ರಥಮ ಚಿಕಿತ್ಸೆಯ ಪಾಠಗಳಲ್ಲೇ ಅದಿತ್ತು. ವೈದ್ಯಶಾಸ್ತ್ರ ಅದನ್ನು ಕೈಬಿಟ್ಟಿದೆ, ಊರು ಇನ್ನೂ ಬಿಟ್ಟಿಲ್ಲ.

ಅದನ್ನು ಏಕೆ ಬಿಡಬೇಕೆಂದು ತಿಳಿಯಲು ಕೊಳಕುಮಂಡಲದ ವಿಷ ಏನು ಮಾಡುತ್ತದೆಂದು ನೋಡಬೇಕು. ಅದರಲ್ಲಿರುವ ಕೆಲವು ಕಿಣ್ವಗಳು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಬೇಗಬೇಗ ಖರ್ಚು ಮಾಡಿಬಿಡುತ್ತವೆ. ಆಮೇಲೆ ರಕ್ತ ನೀರಿನಂತೆ ಹರಿಯುತ್ತದೆ, ವಸಡಿನಿಂದ ಒಸರುತ್ತದೆ, ಮೂತ್ರದಲ್ಲಿ ಬರುತ್ತದೆ. ಮತ್ತೆ ಕೆಲವು ಕಿಣ್ವಗಳು ಕಚ್ಚಿದ ಜಾಗದ ಮಾಂಸವನ್ನೇ ಕರಗಿಸುತ್ತವೆ. ಈಗ ಮೀನಖಂಡದ ಮೇಲೆ ಹಗ್ಗ ಬಿಗಿದರೆ ಆ ವಿಷ ಒಂದೇ ಕಡೆ ನಿಂತು ಅಲ್ಲಿನ ಮಾಂಸವನ್ನು ತಿನ್ನುತ್ತಾ ಹೋಗುತ್ತದೆ. ಮೇಲಿಂದ ಹೊಸ ರಕ್ತವೂ ಬಾರದೆ ಕಾಲು ಕೊಳೆಯಲು ಶುರುವಾಗುತ್ತದೆ. ಅರೆಬಿಗಿ ಕಟ್ಟೂ ನಿರಪಾಯವಲ್ಲ. ರಕ್ತ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲದೆ ಊತ ಇಮ್ಮಡಿಯಾಗುತ್ತದೆ. ಕೊನೆಗೆ ಯಾರೋ ಆ ಕಟ್ಟನ್ನು ತಟ್ಟನೆ ಬಿಚ್ಚಿದಾಗ ತಡೆದಿಟ್ಟ ವಿಷವೆಲ್ಲ ಒಂದೇ ಏಟಿಗೆ ಮೈಗೆ ನುಗ್ಗುತ್ತದೆ. ಹೀಗಾಗಿ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ಅದನ್ನು ದಾರಿಯಲ್ಲಿ ಕಿತ್ತೆಸೆಯಬಾರದು. ಆಸ್ಪತ್ರೆಯಲ್ಲಿ, ಪ್ರತಿವಿಷ ಸಿದ್ಧವಿರುವಾಗ ವೈದ್ಯರ ಎದುರಿಗೇ ಬಿಚ್ಚಬೇಕು.

ಬ್ಲೇಡಿನಿಂದ ಕೊಯ್ದು ರಕ್ತ ಹರಿಸುವುದರ ಕೇಡೂ ಇಲ್ಲೇ ಅರ್ಥವಾಗುತ್ತದೆ. ಹೆಪ್ಪುಗಟ್ಟಲಾರದ ರಕ್ತವಿರುವ ಮೈಗೆ ನಾವೇ ಒಂದು ಬಾಯಿ ತೆರೆದಂತಾಗುತ್ತದೆ. ಬಾಯಿಂದ ಹೀರಿದರೆ ವಿಷ ಹೊರಬರುವುದಿಲ್ಲ. ಅದು ಆಗಲೇ ಮಾಂಸದಾಳಕ್ಕೆ ಇಳಿದಿರುತ್ತದೆ.

ಹಾಗಾದರೆ ಹೊಲದಲ್ಲಿ ಏನು ಮಾಡಬೇಕು? ಒಂದು ಪ್ರಸಂಗವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮದ್ದೂರಿನ ಕಡೆಯ ರಾಗಿ ಹೊಲ, ಬೆಳಗಿನ ಹತ್ತೂವರೆ. ಕೊಯ್ಲಿಗೆ ಬಾಗಿದ್ದ ಹೆಣ್ಣುಮಗಳ ಬಲಗಾಲಿನ ಕಣಕಾಲಿಗೆ ಹಾವು ಕಚ್ಚಿದೆ. ಅವಳು ಚೀರುತ್ತಾಳೆ, ಜೊತೆಯವರು ದೊಣ್ಣೆ ಹಿಡಿದು ಹಾವಿನ ಹಿಂದೆ ಓಡುತ್ತಾರೆ. ಮೊದಲು ನಿಲ್ಲಬೇಕಾದದ್ದು ಈ ಓಟ. ಹಾವನ್ನು ಕೊಂದು ಆಸ್ಪತ್ರೆಗೆ ತರುವ ಅಗತ್ಯವಿಲ್ಲ. ನಾಲ್ಕು ಹಾವುಗಳಿಗೂ ಮದ್ದು ಒಂದೇ, ಮೈಯಲ್ಲಿ ಕಾಣುವ ಲಕ್ಷಣ ನೋಡಿ ವೈದ್ಯರು ಚಿಕಿತ್ಸೆ ನಡೆಸುತ್ತಾರೆ. ಹಾವನ್ನು ಹುಡುಕಲು ಹೋದವರಲ್ಲಿ ಇನ್ನೊಬ್ಬರಿಗೆ ಕಚ್ಚಿಸಿಕೊಳ್ಳುವುದಷ್ಟೇ ಫಲ.

ಅವಳನ್ನು ಹಾವಿದ್ದ ಜಾಗದಿಂದ ಎತ್ತಿ ದೂರ ತಂದು ಮಲಗಿಸಬೇಕು. ಆಮೇಲೆ ಒಂದು ಹೆಜ್ಜೆಯೂ ನಡೆಸಬಾರದು. ಮಂಡಲದ ವಿಷ ಹೆಚ್ಚಾಗಿ ಹರಡುವುದು ಚರ್ಮದಡಿಯ ದುಗ್ಧನಾಳಗಳ ಮೂಲಕ, ಅವುಗಳಲ್ಲಿ ದ್ರವವನ್ನು ಮುಂದಕ್ಕೆ ನೂಕುವುದು ಮಾಂಸಖಂಡಗಳ ಚಲನೆ. ರಸ್ತೆಯವರೆಗೆ ಅವಳನ್ನೇ ನಡೆಸಿದರೆ ಪ್ರತಿ ಹೆಜ್ಜೆಯೂ ವಿಷವನ್ನು ಮೇಲಕ್ಕೆ ತಳ್ಳುತ್ತದೆ. ಕಾಲುಂಗುರ, ಕಾಲುಚೈನು ತಕ್ಷಣ ತೆಗೆಯಬೇಕು. ಅರ್ಧ ಗಂಟೆ ಕಳೆದರೆ ಊದಿದ ಬೆರಳಿನಲ್ಲಿ ಉಂಗುರ ಸಿಕ್ಕಿಕೊಂಡು ಅದೇ ಹಗ್ಗವಾಗುತ್ತದೆ. ಕಾಲುಂಗುರ ಮುತ್ತೈದೆತನದ ಗುರುತೆಂದು ಹಿಂಜರಿಯುವವರಿದ್ದಾರೆ; ಅವಳ ಬೆರಳು ಉಳಿಯಲು ಅದು ಆ ಹೊತ್ತಿಗೆ ಕಳಚಲೇಬೇಕು.

ನಂತರ ಮುರಿದ ಮೂಳೆಗೆ ಆಸರೆ ಕೊಡುವ ಹಾಗೆ ಕಾಲಿನ ಎರಡೂ ಪಕ್ಕ ಉದ್ದನೆಯ ಕೋಲನ್ನೋ ಮಡಿಸಿದ ಛತ್ರಿಯನ್ನೋ ಇಟ್ಟು, ಟವೆಲ್ ಇಲ್ಲವೇ ಸೀರೆಯ ತುಂಡಿನಿಂದ ಮೂರ್ನಾಲ್ಕು ಕಡೆ ಸಡಿಲವಾಗಿ ಸುತ್ತಬೇಕು. ಬಟ್ಟೆಯ ಕೆಳಗೆ ಬೆರಳು ಸಲೀಸಾಗಿ ಹೋಗಬೇಕು. ಕಾಲು ಅಲುಗದಂತೆ ಹಿಡಿದಿಡುವುದಷ್ಟೇ ಇದರ ಕೆಲಸ, ರಕ್ತ ತಡೆಯುವುದಲ್ಲ. ಗಾಯವನ್ನು ಉಜ್ಜಿ ತೊಳೆಯುವುದು, ಐಸ್ ಇಡುವುದು, ಸುಣ್ಣ ಮೆತ್ತುವುದು, ಹಾವಿನ ಕಲ್ಲು ಅಂಟಿಸುವುದು ಯಾವುದೂ ಬೇಡ. ಕಾಫಿ, ಸಾರಾಯಿ ಕುಡಿಸಬಾರದು. ನೋವು ತಾಳದೆ ಅಂಗಡಿಯ ಮಾತ್ರೆ ಕೇಳಿದರೆ ಡೈಕ್ಲೋಫೆನಾಕ್, ಆಸ್ಪಿರಿನ್ ಕೊಡಲೇಬಾರದು. ರಕ್ತಸ್ರಾವಕ್ಕೂ ಮೂತ್ರಪಿಂಡದ ಹಾನಿಗೂ ಅವು ಜೊತೆಗೂಡುತ್ತವೆ.

ಯಾರಾದರೂ ಒಬ್ಬರು ಗಡಿಯಾರ ನೋಡಿ ಕಚ್ಚಿದ ಹೊತ್ತನ್ನು ಬರೆದಿಡಲಿ. ಪೆನ್ನಿದ್ದರೆ ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಚರ್ಮದ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಲಿ. ಹತ್ತೂಮುಕ್ಕಾಲಿಗೆ ಕಣಕಾಲಿನಲ್ಲಿದ್ದ ಗೆರೆ ಹನ್ನೊಂದೂಕಾಲಿಗೆ ಮೀನಖಂಡದ ನಡುವೆ ಬಂದಿದ್ದರೆ, ವೈದ್ಯರಿಗೆ ಆ ಎರಡು ಗೆರೆ ಹೇಳುವಷ್ಟನ್ನು ಮನೆಯವರ ವರ್ಣನೆ ಹೇಳಲಾರದು.

108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರಲು ತಡವೆಂದರೆ ಕಾಯುತ್ತಾ ಕೂರುವುದಕ್ಕಿಂತ ಬೈಕ್ ವಾಸಿ: ಓಡಿಸುವವನ ಹಿಂದೆ ಅವಳು, ಅವಳನ್ನು ತಬ್ಬಿ ಹಿಡಿದು ಹಿಂದೆ ಇನ್ನೊಬ್ಬರು. ವಾಂತಿಯಾದರೆ, ಮಂಪರು ಬಂದರೆ ಗಾಡಿ ನಿಲ್ಲಿಸಿ ಎಡಮಗ್ಗುಲಿಗೆ ಮಲಗಿಸಬೇಕು.

ಇನ್ನು ಯಾವ ಆಸ್ಪತ್ರೆಗೆ? ಹೆಸರಾಂತ ದೊಡ್ಡ ಆಸ್ಪತ್ರೆಯನ್ನು ಹುಡುಕಿಕೊಂಡು ಎರಡು ಗಂಟೆ ಪ್ರಯಾಣ ಮಾಡುವುದು ತಪ್ಪು. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಯೇ ಸರಿ. ಹೊರಡುವಾಗಲೇ ಫೋನ್ ಮಾಡಿ ದಾಸ್ತಾನು ಇದೆಯೇ ಎಂದು ಕೇಳಬೇಕು. ಅಲ್ಲಿ ಮಾಡುವ ಮುಖ್ಯ ಪರೀಕ್ಷೆಗೆ ಯಂತ್ರ ಬೇಕಿಲ್ಲ: ಶುಭ್ರವಾದ, ಒಣಗಿದ ಗಾಜಿನ ಕೊಳವೆಗೆ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಆಮೇಲೆ ವಾಲಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ವಿಷ ಮೈಗೇರಿದೆ ಎಂದರ್ಥ. ಆಗ 10 ಸೀಸೆ ಪ್ರತಿವಿಷವನ್ನು ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಹನಿಸುತ್ತಾರೆ. ಹಾವು ಬಿಡುವ ವಿಷ ಕಚ್ಚಿಸಿಕೊಂಡವರ ತೂಕ ನೋಡಿ ಕಡಿಮೆಯಾಗುವುದಿಲ್ಲವಾದ್ದರಿಂದ ಮಗುವಿಗೂ ಅಷ್ಟೇ ಪ್ರಮಾಣ. ಆರು ಗಂಟೆ ಬಿಟ್ಟು ಮತ್ತೆ ಅದೇ ಪರೀಕ್ಷೆ.

ಅಪಾಯದ ಗುರುತು ಊತವೊಂದೇ ಅಲ್ಲ. ನಾಗರ, ಕಟ್ಟುಹಾವಿನ ವಿಷ ನರಗಳ ಮೇಲೆ ಬೀಳುತ್ತದೆ. ರೆಪ್ಪೆ ಜೋತುಬೀಳುತ್ತದೆ, ಮಾತು ಮೂಗಿನಲ್ಲಿ ಬರುತ್ತದೆ, ಉಗುಳು ನುಂಗಲಾಗುವುದಿಲ್ಲ, ಆಮೇಲೆ ಉಸಿರು ನಿಲ್ಲುತ್ತದೆ. ಕಟ್ಟುಹಾವು ಕಚ್ಚಿದರೆ ನೋವೂ ಊತವೂ ಇಲ್ಲದಿರಬಹುದು. ‘ಏನೂ ಆಗಿಲ್ಲವಲ್ಲ’ ಎಂದು ಮನೆಗೆ ಮರಳಬಾರದೆನ್ನುವುದು ಅದಕ್ಕೇ. ಲಕ್ಷಣ ಕಾಣದಿದ್ದರೂ 24 ಗಂಟೆ ಆಸ್ಪತ್ರೆಯಲ್ಲಿ ಇರಬೇಕು.

ನಾಟಿ ವೈದ್ಯರ ಬಗ್ಗೆ ಒಂದು ಮಾತು. ಅವರ ಬಳಿ ಹೋಗಿ ಬದುಕಿದವರು ಪ್ರತಿ ಊರಿನಲ್ಲೂ ಇದ್ದಾರೆ, ಅದು ಸುಳ್ಳಲ್ಲ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಬೇರು ಕುಡಿದರೂ ಬದುಕುತ್ತಾರೆ, ಕುಡಿಯದಿದ್ದರೂ ಬದುಕುತ್ತಾರೆ. ಜನ ಮೊದಲು ಅವರ ಬಾಗಿಲಿಗೇ ಹೋಗುವುದರಿಂದ, ‘ಮೊದಲು ಆಸ್ಪತ್ರೆಗೆ ನಡೆಯಿರಿ’ ಎಂದು ಅವರ ಬಾಯಿಂದ ಬಂದರೆ ಸರ್ಕಾರದ ಭಿತ್ತಿಪತ್ರಕ್ಕಿಂತ ಬೇಗ ನಾಟುತ್ತದೆ. ಆರೋಗ್ಯ ಇಲಾಖೆ ಅವರನ್ನು ಬೈಯುವ ಬದಲು ಕೂರಿಸಿಕೊಂಡು ಮಾತಾಡಬೇಕು.

ಇಲಾಖೆಯ ಪಾಲಿನ ಕೆಲಸ ಇನ್ನೂ ದೊಡ್ಡದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮರುತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ಕ್ರಿಯಾಯೋಜನೆ ಪ್ರಕಟಿಸಿತು. ಲೆಕ್ಕ ಸಿಗುವುದು ಒಳ್ಳೆಯದು. ಆದರೆ ಹೊಲದಿಂದ ಹೊತ್ತು ತಂದ ಹೆಣ್ಣುಮಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬರೀ ಚೀಟಿ ಬರೆದು ಜಿಲ್ಲಾಸ್ಪತ್ರೆಗೆ ಕಳಿಸಿದರೆ ಆ ಲೆಕ್ಕದಿಂದ ಅವಳಿಗೇನೂ ಸಿಗದು. ಪ್ರತಿವಿಷ ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಒಬ್ಬರೇ ಇರುವ ಯುವ ವೈದ್ಯರಿಗೆ ಅದರ ಭಯ ಸಹಜ. ಅಡ್ರಿನಾಲಿನ್ ಸಿರಿಂಜಿನಲ್ಲಿ ತುಂಬಿ ಕೈಗೆಟಕುವಂತೆ ಇಟ್ಟುಕೊಂಡರೆ ಅದನ್ನು ಅಲ್ಲೇ ನಿಭಾಯಿಸಬಹುದು. ಮೊದಲ 10 ಸೀಸೆ ತಾಲ್ಲೂಕಿನ ಒಳಗೇ ಹನಿಯತೊಡಗಬೇಕು, ಸಾಗಣೆ ಅದರ ನಂತರ. ಡಯಾಲಿಸಿಸ್, ವೆಂಟಿಲೇಟರ್ ಬೇಕಾದಾಗ ದೊಡ್ಡ ಆಸ್ಪತ್ರೆಯ ಸರದಿ ಬರುತ್ತದೆ.

ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಹಾಲಿನ ಡೇರಿಯ ಬಾಗಿಲಲ್ಲಿ, ಪ್ರತಿವಿಷ ಇರುವ ಹತ್ತಿರದ ಎರಡು ಆಸ್ಪತ್ರೆಗಳ ಹೆಸರು, ರಾತ್ರಿಯೂ ಎತ್ತುವ ಫೋನ್ ನಂಬರ್ ಬಣ್ಣದಲ್ಲಿ ಬರೆದಿರಲಿ. ಸೀಸೆಗಳ ದಾಸ್ತಾನು ಮುಗಿದ ದಿನ ಆ ಕೇಂದ್ರದ ವೈದ್ಯರು ಪಂಚಾಯಿತಿಗೆ ತಿಳಿಸುವ ಏರ್ಪಾಡಾಗಲಿ. ರಾಗಿ ಕೊಯ್ಲು ಶುರುವಾಗುವ ಮೊದಲೇ ಇಷ್ಟನ್ನು ಮಾಡಲು ಹೊಸ ಕಾನೂನೇನೂ ಬೇಕಾಗಿಲ್ಲ.