ನೇಮಕಾತಿ ಪತ್ರಕ್ಕೂ ಮೊದಲಿನ ಒಂದು ಇಮೇಲ್

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಾಗಿನಿಂದ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ: ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯವಾಯಿತು, ಬಾಯಿಮಾತಿನ ನೌಕರಿಯ ಕಾಲ ಮುಗಿಯಿತು. ಮುಗಿದಿಲ್ಲ. ಆ ಪತ್ರ ಕೈಸೇರುವುದು ಕೆಲಸಕ್ಕೆ ಸೇರುವಾಗ. ಮಾತು ಬದಲಾಗುವುದು ಅದಕ್ಕೂ ಮೂರು ತಿಂಗಳು ಮೊದಲು, ರಿಕ್ರೂಟರ್‌ನ ಎರಡು ಫೋನ್ ಕರೆಗಳ ನಡುವೆ. ಅಲ್ಲಿ ನೆರವಿಗೆ ಬರುವುದು ಅಭ್ಯರ್ಥಿಯೇ ಬರೆದು ಕೇಳುವ ಒಂದು ಇಮೇಲ್ ಮಾತ್ರ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮೊದಲ ಕರೆಯಲ್ಲಿ ರಿಕ್ರೂಟರ್ ಹೇಳಿದ್ದು: 18 ಲಕ್ಷ ಫಿಕ್ಸೆಡ್, ಕಂಪನಿಯದೇ ಪೇರೋಲ್, ವಾರಕ್ಕೆ ಎರಡು ದಿನ ಆಫೀಸು. ಹತ್ತು ದಿನ ಬಿಟ್ಟು ಬಂದ ಎರಡನೇ ಕರೆಯಲ್ಲಿ ಅದೇ 18 ಲಕ್ಷ 'ಸಿಟಿಸಿ' ಆಗಿತ್ತು, ಅದರೊಳಗೆ 2.4 ಲಕ್ಷ ವೇರಿಯಬಲ್. ಪೇರೋಲ್ ಬಗ್ಗೆ ಕೇಳಿದರೆ "ಅದೆಲ್ಲ ಫಾರ್ಮಾಲಿಟಿ ಮೇಡಂ" ಎಂಬ ಉತ್ತರ. ಲೆಕ್ಕ ಹಾಕಿ ನೋಡಿದೆವು. ವೇರಿಯಬಲ್ ಕಳೆದು, ಕಂಪನಿಯ ಪಾಲಿನ ಪಿಎಫ್ ತಿಂಗಳಿಗೆ 1,800 ಮತ್ತು ಗ್ರಾಚ್ಯುಟಿ ಅಂತ ವರ್ಷಕ್ಕೆ ಸುಮಾರು 43 ಸಾವಿರ ಕಳೆದರೆ, ತೆರಿಗೆಗೂ ಮೊದಲಿನ ಮಾಸಿಕ ಸಂಬಳ ಒಂದೂವರೆ ಲಕ್ಷದಿಂದ 1.25 ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಎರಡು ಕರೆಗಳಲ್ಲೂ ಹೇಳಿದ ಅಂಕಿ ಒಂದೇ, 18. ತಿಂಗಳಿಗೆ 25 ಸಾವಿರ ಮಾತ್ರ ಮಾಯ.

"ಫೋನಿನಲ್ಲಿ ಹೇಳಿದ್ದಕ್ಕೂ ಬೆಲೆ ಇದೆ, ಕೋರ್ಟಿಗೆ ಹೋಗಬಹುದು" ಎನ್ನುವವರಿಗೆ ಒಂದು ಹಳೆಯ ಕಾಯ್ದೆ ಮರೆತಂತಿದೆ. 1872ರ ಭಾರತೀಯ ಕರಾರು ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ತಪ್ಪು ಮಾಹಿತಿಯಿಂದ ಒಪ್ಪಿಗೆ ಪಡೆದಿದ್ದರೆ ಕರಾರನ್ನು ರದ್ದುಪಡಿಸಿಕೊಳ್ಳಬಹುದು. ಎಲ್ಲರೂ ಅಷ್ಟಕ್ಕೇ ಓದು ನಿಲ್ಲಿಸುತ್ತಾರೆ. ಅದರ ಕೆಳಗೇ ಒಂದು ವಿನಾಯಿತಿ ಇದೆ: ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ತಿಳಿಯುವ ದಾರಿ ನಿಮಗಿತ್ತು ಎಂದಾದರೆ, ಆ ರಕ್ಷಣೆ ಸಿಗುವುದಿಲ್ಲ. ಎರಡನೇ ಕರೆಯಲ್ಲೇ ವಿವರ ಬದಲಾದದ್ದು ಗೊತ್ತಾಗಿಯೂ ಬರೆದು ಕೇಳದವರು, ಎಚ್ಚರ ವಹಿಸಿದ್ದೆ ಎಂದು ಹೇಗೆ ವಾದಿಸುತ್ತಾರೆ? ಬೇಕೆಂದೇ ಹೇಳಿದ ಸುಳ್ಳಿಗೆ ಈ ವಿನಾಯಿತಿ ತಟ್ಟದು, ನಿಜ. ಆದರೆ ದಾಖಲೆಯೇ ಇಲ್ಲದ ಕರೆಯಲ್ಲಿ 'ಬೇಕೆಂದೇ' ಎಂಬುದನ್ನು ಸಾಬೀತು ಮಾಡುವುದು ಯಾರಿಂದಾದೀತು? ಸಾಲದ್ದಕ್ಕೆ, ಹಿಂದಿನ ಮಾತುಕತೆಗಳೆಲ್ಲ ಇದರೊಂದಿಗೆ ರದ್ದು ಎಂಬ ಸಾಲು ಬಹುತೇಕ ಆಫರ್ ಲೆಟರ್‌ಗಳ ಕೊನೆಯಲ್ಲಿ ಇದ್ದೇ ಇರುತ್ತದೆ. ಸಹಿ ಹಾಕಿದ ಮೇಲೆ ಮೊದಲ ಕರೆ ನಡೆದೇ ಇಲ್ಲ ಎಂದುಕೊಳ್ಳಬಹುದು.

ರಿಕ್ರೂಟರ್‌ಗಳನ್ನು ಬೈಯುವುದು ಸುಲಭ. ಅನೇಕರು ಕನ್ಸಲ್ಟೆನ್ಸಿಯವರು, ಕ್ಲೈಂಟ್ ಬಜೆಟ್ ಬದಲಿಸಿದ್ದು ಅವರಿಗೂ ಎರಡನೇ ಕರೆಯ ಹಿಂದಿನ ದಿನವಷ್ಟೇ ತಿಳಿದಿರುತ್ತದೆ. ಸೇರಿದವರು ಎರಡು ಮೂರು ತಿಂಗಳಲ್ಲೇ ಬಿಟ್ಟರೆ ಪುಕ್ಕಟೆಯಾಗಿ ಇನ್ನೊಬ್ಬರನ್ನು ಹುಡುಕಿಕೊಡಬೇಕೆಂಬ ಷರತ್ತೂ ಸಾಮಾನ್ಯವಾಗಿ ಅವರ ಕುತ್ತಿಗೆಗಿರುತ್ತದೆ. ಹಾಗಾಗಿ ಆ ಇಮೇಲ್‌ನಲ್ಲಿ "ನೀವು ಮಾತು ಬದಲಿಸಿದಿರಿ" ಎಂಬ ದೂರು ಬೇಡ. "ದಯವಿಟ್ಟು ವಿವರ ಕಳಿಸಿ" ಎಂದೂ ಬರೆಯಬಾರದು. ಹಾಗೆ ಬರೆದರೆ ಬರುವುದು ಹಳೆಯ ಪಿಡಿಎಫ್ ಜೆಡಿ.

ಅಕ್ಕನ ಮಗಳು ಎರಡನೇ ಕರೆ ಮುಗಿದ ಅರ್ಧ ಗಂಟೆಯೊಳಗೆ ಬರೆದದ್ದು ಹೀಗೆ: "ಇಂದಿನ ಕರೆಯ ಪ್ರಕಾರ ನನಗೆ ಅರ್ಥವಾದದ್ದು ಇದು: ಫಿಕ್ಸೆಡ್ 15.6 ಲಕ್ಷ, ವೇರಿಯಬಲ್ 2.4 ಲಕ್ಷ. 3ನೇ ತಾರೀಖಿನ ಕರೆಯಲ್ಲಿ ಪೂರ್ತಿ 18 ಲಕ್ಷ ಫಿಕ್ಸೆಡ್ ಎಂದಿತ್ತು. ಈಗ ಯಾವುದು ಅಂತಿಮ? ಸಂಬಳ ಕೊಡುವ ಕಂಪನಿಯ ಹೆಸರು, ಒಪ್ಪಂದದ ಅವಧಿ, ವಾರಕ್ಕೆ ಆಫೀಸಿಗೆ ಬರಬೇಕಾದ ದಿನಗಳನ್ನೂ ಖಚಿತಪಡಿಸಿ. ಅದಾದ ಮೇಲೆ ನಾನು ರಾಜೀನಾಮೆಯ ವಿಷಯ ಯೋಚಿಸುತ್ತೇನೆ." ಕ್ಲೈಂಟ್ ಕಂಪನಿಯ ಎಚ್‌ಆರ್‌ಗೂ ಒಂದು ಪ್ರತಿ ಹೋಯಿತು. ವಾಟ್ಸಾಪ್‌ನಲ್ಲಿ ಕೇಳಬಹುದಿತ್ತಲ್ಲ ಎಂದರು ಮನೆಯವರು. ಅಲ್ಲಿ ಬರುವ ಉತ್ತರ ರಿಕ್ರೂಟರ್‌ನ ಸ್ವಂತ ನಂಬರಿನದು. ಕಂಪನಿಯ ಮೇಲ್ ಐಡಿಯಿಂದ ಬಂದರೆ ಅದರ ತೂಕವೇ ಬೇರೆ.

ಇಂಥ ಮೇಲ್ ಕೂಡ ಆಫರ್ ಲೆಟರ್ ಅಲ್ಲ, ಅದನ್ನು ನಂಬಿ ರಾಜೀನಾಮೆ ಕೊಡುವಂತಿಲ್ಲ. ಆಫರ್ ಲೆಟರ್ ಬಂದಾಗ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ ನೋಡಲು ಅದು ಬೇಕು. 90 ದಿನಗಳ ನೋಟಿಸ್ ಪೀರಿಯಡ್ ಇರುವ ನಮ್ಮ ಐಟಿ ಲೋಕದಲ್ಲಿ, ರಾಜೀನಾಮೆ ಕೊಟ್ಟ ಮೇಲೆ ವ್ಯತ್ಯಾಸ ಕಂಡರೆ ಚೌಕಾಸಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ರಿಕ್ರೂಟರ್ "ಕಾಲ್‌ನಲ್ಲಿ ಮಾತಾಡೋಣ" ಎಂದು ಬರೆದ. "ಮಾತಾಡೋಣ ಸರ್, ಮೊದಲು ಮೇಲ್‌ಗೆ ಉತ್ತರಿಸಿ" ಎಂದಳು. ಸಂಜೆ ಎಚ್‌ಆರ್ ಕಡೆಯಿಂದಲೇ ಎರಡು ಸಾಲು ಬಂತು: ವೇರಿಯಬಲ್ 2.4 ಲಕ್ಷ, ಪೇರೋಲ್ ಬೇರೆ ಸಂಸ್ಥೆಯದು, ಹನ್ನೊಂದು ತಿಂಗಳ ಒಪ್ಪಂದ. ಹನ್ನೊಂದು ತಿಂಗಳ ಸಂಗತಿ ಎರಡು ಕರೆಗಳಲ್ಲೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಅವಳು ಈಗಲೂ ಹಳೆಯ ಆಫೀಸಿನಲ್ಲೇ ಇದ್ದಾಳೆ.