ಅವಿರೋಧ ಆಯ್ಕೆಯ ಹಿಂದಿನ ಪಟ್ಟಿಗಳು

ಬಾಬುರಾಯನಕೊಪ್ಪಲು, ಪಾಂಡವಪುರ, ನಾಗಮಂಗಲದ ಕಡೆ ಡೇರಿ ಚುನಾವಣೆ ಬಂತೆಂದರೆ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಕಾಣುವ ಸುದ್ದಿ ಒಂದೇ ನಮೂನೆಯದು: ನೂತನ ನಿರ್ದೇಶಕರ ಅವಿರೋಧ ಆಯ್ಕೆ. ಜೊತೆಗೆ ಹಾರ ಹಾಕಿಸಿಕೊಂಡವರ ಫೋಟೊ. ಸದ್ಯ, ಜಗಳವಿಲ್ಲದೆ ಮುಗಿಯಿತಲ್ಲ ಎಂದು ಊರೂ ನಿಟ್ಟುಸಿರು ಬಿಡುತ್ತದೆ. ಆದರೆ ವಿರೋಧಿಸುವವರು ಇರಲಿಲ್ಲವೋ, ಅವರಿಗೆ ದಾರಿಯೇ ಇರಲಿಲ್ಲವೋ? ಸುದ್ದಿ ಅದನ್ನು ಹೇಳುವುದಿಲ್ಲ.

ನಾಮಪತ್ರ ಕರೆಯುವ ಹೊತ್ತಿಗೆ ಅರ್ಧ ಚುನಾವಣೆ ಮುಗಿದೇ ಇರುತ್ತದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಗೆ ಮುಂದೆ ತಂದ ತಿದ್ದುಪಡಿಯಲ್ಲಿ, ಮಹಾಸಭೆಗಳಿಗೆ ಬಾರದ, ಸಂಘದ ಜೊತೆ ಕನಿಷ್ಠ ವ್ಯವಹಾರವನ್ನೂ ಮಾಡದ ಸದಸ್ಯ ಮತದಾನದ ಹಕ್ಕು ಕಳೆದುಕೊಳ್ಳುವ ನಿಯಮ ಬಂತು. ಉದ್ದೇಶ ಸರಿಯೇ, ಡೇರಿ ಹಾಲು ಹಾಕುವವರದಾಗಿರಬೇಕು. ತೊಡಕಿರುವುದು ಲೆಕ್ಕದಲ್ಲಿ. ಸಭೆಯ ಸಹಿ ಪುಸ್ತಕ, ಹಾಲಿನ ಲೆಕ್ಕ ಎರಡೂ ಇರುವುದು ಸಂಘದ ಕಚೇರಿಯಲ್ಲೇ. ಸಭೆಗೆ ಬಂದು ಸಹಿ ಹಾಕದೆ ಎದ್ದುಹೋದವನು, ಹಸು ಬತ್ತಿ ಹಾಲು ನಿಂತ ಮನೆಯವಳು ಅನರ್ಹರ ಪಟ್ಟಿಗೆ ಸೇರಿರುವುದು ಅವರಿಗೆ ಗೊತ್ತಾಗುವುದೇ ತಡವಾಗಿ. ಚುನಾವಣೆ ಹತ್ತಿರ ಬಂದಾಗ ಹೈಕೋರ್ಟಿಗೆ ಹೋಗಿ ಮತದ ಹಕ್ಕು ತರುವ ಪರಿಪಾಠ ಬೆಳೆದದ್ದು ಹೀಗೆಯೇ. ಕರಡು ಪಟ್ಟಿಯನ್ನು ಹಾಲು ಅಳೆಯುವ ಜಾಗದಲ್ಲಿ ಅಂಟಿಸಿ, ಪ್ರತಿ ಅನರ್ಹ ಹೆಸರಿನ ಮುಂದೆ ಕಾರಣ ಬರೆದರೆ ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಬರುವವರೆಲ್ಲ ಓದುತ್ತಾರೆ, ಆಕ್ಷೇಪಣೆಗೂ ದಿನ ಉಳಿದಿರುತ್ತದೆ. ಅದೇ ಪಟ್ಟಿ ಕಚೇರಿಯ ಬಾಗಿಲ ಹಿಂದೆ ತೂಗಿದರೆ ಪ್ರಕಟಣೆ ಆಯಿತೆಂದು ಬರೆದುಕೊಳ್ಳಬಹುದು, ಅಷ್ಟೇ.

ಇನ್ನು ನಾಮಪತ್ರದ ವಿಷಯ. ಒಂದು ಸಂಘದಲ್ಲಿ 13 ಸ್ಥಾನ, 17 ನಾಮಪತ್ರ ಬಂದವು ಎನ್ನಿ. ಪರಿಶೀಲನೆಯಲ್ಲಿ ಒಂದು ತಿರಸ್ಕೃತವಾಯಿತು, ಹಿಂಪಡೆಯುವ ಕೊನೆಯ ದಿನ ಮೂವರು ಹಿಂದೆ ಸರಿದರು. ಉಳಿದ 13 ಮಂದಿ ಅವಿರೋಧ. ತಿರಸ್ಕೃತವಾದದ್ದು ಸೂಚಕರ ಸಹಿ ಇಲ್ಲದ್ದಕ್ಕೋ, ಬಾಕಿಗೋ? ಮೂವರೂ ತಾವೇ ಬಂದು ಸಹಿ ಹಾಕಿದರೋ, ಯಾರಾದರೂ ಚೀಟಿ ತಂದುಕೊಟ್ಟರೋ? ಮೀಸಲು ಸ್ಥಾನಗಳಿದ್ದಾಗ ಒಟ್ಟು ಸಂಖ್ಯೆಯೂ ಕಣ್ಣುಕಟ್ಟಬಲ್ಲದು: ಸಾಮಾನ್ಯ ಸ್ಥಾನಗಳಿಗೆ ನೂಕುನುಗ್ಗಲು, ಮಹಿಳಾ ಸ್ಥಾನಕ್ಕೆ ಹೇಳಿ ಕಳಿಸಿ ಕರೆತಂದ ಒಬ್ಬರೇ.

ಊರ ಹಿರಿಯರು ಕೂತು ರಾಜಿ ಮಾಡಿಸುವುದನ್ನು ನಾನು ತಪ್ಪೆನ್ನಲಾರೆ. ಚುನಾವಣೆಯ ಖರ್ಚು ಸಂಘದ ತಲೆಗೇ ಬರುತ್ತದೆ, ಒಡಕು ಉಳಿದರೆ ಹಾಲಿನ ಸರದಿಯಲ್ಲೂ ಮಾತು ನಿಲ್ಲುತ್ತದೆ. ಆದರೆ ರಾಜಿ ನಡೆಯಬೇಕಾದದ್ದು ನಾಮಪತ್ರಗಳೆಲ್ಲ ಸ್ವೀಕಾರವಾಗಿ, ಪಟ್ಟಿ ಗೋಡೆಗೇರಿದ ಮೇಲೆ. ಫಾರಂ ಕೊಡುವ ಮೊದಲೇ ಹೆಸರು ಗೊತ್ತುಮಾಡಿ, ಫಾರಂ ಕೇಳಿ ಬಂದವನಿಗೆ ‘ಎಲ್ಲಾ ಮಾತಾಗಿದೆ ಕಣಪ್ಪ’ ಎಂದು ವಾಪಸ್ ಕಳಿಸಿದರೆ ಅವನ ಹೆಸರು ಯಾವ ದಾಖಲೆಗೂ ಬರುವುದಿಲ್ಲ. ಅದನ್ನು ತಡೆಯುವ ಉಪಾಯ ಬಲು ಸಣ್ಣದು: ಫಾರಂ ಒಯ್ದವರ ಹೆಸರು, ಕೊಟ್ಟ ಹೊತ್ತು ಬರೆದಿಡುವ ಒಂದು ಪುಸ್ತಕ, ನಾಮಪತ್ರ ಕೊಟ್ಟವರಿಗೆ ಸಮಯ ಬರೆದ ಒಂದು ರಸೀದಿ. ಫಲಿತಾಂಶ ಘೋಷಿಸುವಾಗ ಗೆದ್ದವರ ಹೆಸರಿನ ಕೆಳಗೆ ಬಂದ, ತಿರಸ್ಕೃತವಾದ, ಹಿಂಪಡೆದ ನಾಮಪತ್ರಗಳನ್ನೂ ಕಾರಣಸಹಿತ ಓದಿಬಿಡಬಹುದು. ಹತ್ತು ನಿಮಿಷದ ಕೆಲಸ. ಅದು ಬೇಡ ಎನ್ನುವವರು ಯಾರೆಂಬುದನ್ನು ಸದಸ್ಯರು ಗಮನಿಸುತ್ತಾರೆ.