ಮೊಟ್ಟೆ, ಶೇ 71 ಮತ್ತು ಗದಗಿನ ಮಕ್ಕಳು

2022ರ ಮಧ್ಯದಲ್ಲಿ ನಮ್ಮ ಗದಗ ಜಿಲ್ಲೆಯ ಶಾಲಾ ಮಕ್ಕಳು ರಾಜ್ಯಮಟ್ಟದ ಸುದ್ದಿಯಾದರು, ಅದೂ ಹಿಂದೆ ಬಿದ್ದವರಾಗಿ. ಯಾದಗಿರಿಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ತಿಂದ ಎಂಟನೇ ಕ್ಲಾಸಿನ ಹುಡುಗಿಯರ ತೂಕ, ಮೊಟ್ಟೆ ಸಿಗದ ಗದಗಿನ ಹುಡುಗಿಯರಿಗಿಂತ ಶೇ 71ರವರೆಗೆ ಹೆಚ್ಚು ಏರಿದೆ ಅನ್ನೋದು ಸುದ್ದಿಯ ತಿರುಳು. ಸರ್ವೆ ಮಾಡಿದ್ದು ಗದಗಿನದೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಮೊಟ್ಟೆ ಪರ ಇದ್ದ ನನ್ನಂಥವರಿಗೆಲ್ಲ ಖುಷಿಯೋ ಖುಷಿ. ಮಠಾಧೀಶರ ವಿರೋಧಕ್ಕೆ ಇದೇ ಉತ್ತರ ಅಂತ ಲಿಂಕ್ ಹಂಚಿದ್ದೇ ಹಂಚಿದ್ದು.

ಮಕ್ಕಳಿಗೆ ಮೊಟ್ಟೆ ಬೇಕು ಅನ್ನೋದು ಇವತ್ತಿಗೂ ನನ್ನ ನಿಲುವು. ಆದರೆ ಈ ತಲೆಬರಹವನ್ನು ಆಧಾರ ಮಾಡಿಕೊಂಡು ಅದನ್ನು ವಾದಿಸೋಕೆ ಆಗಲ್ಲ. ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಅಂಕಿಯನ್ನೇ ನೋಡೋಣ. ಶೇ 71 ಅನ್ನೋದು ತೂಕದ ವ್ಯತ್ಯಾಸ ಅಲ್ಲ, ತೂಕ ಏರಿದ ಪ್ರಮಾಣದ ವ್ಯತ್ಯಾಸ. ಲೆಕ್ಕಕ್ಕೆ ಇಟ್ಟುಕೊಳ್ಳಿ: ಸವಡಿಯ ಒಬ್ಬಳು ಹುಡುಗಿ ನಾಲ್ಕು ತಿಂಗಳಲ್ಲಿ ಒಂದು ಕಿಲೋ ಏರಿದಳು, ಯಾದಗಿರಿಯ ಇನ್ನೊಬ್ಬಳು 1.71 ಕಿಲೋ ಏರಿದಳು. ಅದೇ ಶೇ 71. ಯಾದಗಿರಿಯ ಹುಡುಗಿ 35 ಕಿಲೋದವಳಾಗಿದ್ದರೆ ಈ 710 ಗ್ರಾಂ ಅವಳ ಮೈತೂಕದ ಶೇ 2ರಷ್ಟು. ಇದು ಸಣ್ಣದೇನಲ್ಲ, ಆದರೆ ತಲೆಬರಹ ಓದಿದವರ ಕಣ್ಣ ಮುಂದೆ ಬರೋ ಚಿತ್ರವೇ ಬೇರೆ. ಇನ್ನೊಂದು ವಿಷಯ, ಒಂದರಿಂದ ಎಂಟನೇ ಕ್ಲಾಸಿನವರೆಗೆ ಹುಡುಗ, ಹುಡುಗಿ ಅಂತ ಬೇರೆ ಮಾಡಿದರೆ ಹದಿನಾರು ಗುಂಪು. ಅಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬಂದ ಗುಂಪನ್ನೇ ಎತ್ತಿ ತಲೆಬರಹಕ್ಕೆ ಹಾಕಿದರೆ, ಅಲ್ಲಿ ಆಕಸ್ಮಿಕದ ಪಾಲೂ ಸೇರಿರುತ್ತೆ.

ಆದರೆ ನನ್ನ ಮುಖ್ಯ ತಕರಾರು ಅಂಕಿಯದ್ದಲ್ಲ, ಹೋಲಿಕೆಯದ್ದು. ಯಾದಗಿರಿಗೂ ಗದಗಿಗೂ ಇರೋ ವ್ಯತ್ಯಾಸ ಬರೀ ಮೊಟ್ಟೆಯೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಶೇ 35.4. ಯಾದಗಿರಿಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಮೊಟ್ಟೆ ಅಲ್ಲಿ ಮೊದಲು ಕೊಟ್ಟಿದ್ದೇ ಈ ಕಾರಣಕ್ಕೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರಕ್ಕೆ ಯೋಜನೆ ಬಂತು, ಗದಗಿಗೆ ಬರಲಿಲ್ಲ. ಅಂದರೆ ಯಾರಿಗೆ ಮೊಟ್ಟೆ ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಹೆಚ್ಚು ಸೊರಗಿದವರಿಗೇ ಮೊದಲು ಸಿಕ್ಕಿತು. ಹಾಗೆ ಸೊರಗಿದ ಮೈಗೆ ಏನೇ ಹೆಚ್ಚುವರಿ ಸಿಕ್ಕರೂ ಬೇಗ ಹತ್ತುತ್ತೆ. ಕೋವಿಡ್‌ನಲ್ಲಿ ಮುಚ್ಚಿದ್ದ ಶಾಲೆಗಳು ತೆರೆದು ಬಿಸಿಯೂಟ ಮತ್ತೆ ಶುರುವಾಗಿದ್ದು ಅದಕ್ಕೆ ಸ್ವಲ್ಪ ಮುಂಚೆಯಷ್ಟೇ. ಮನೆಯಲ್ಲಿ ಊಟಕ್ಕೆ ಹೆಚ್ಚು ತತ್ವಾರ ಇದ್ದ ಮಗುವಿಗೆ ಆ ಅನ್ನ–ಸಾರಿನಿಂದಲೇ ಹೆಚ್ಚು ತೂಕ ಬಂದಿರಬಹುದು. ಮೊಟ್ಟೆ ಇಲ್ಲದಿದ್ದರೂ ಯಾದಗಿರಿಯ ಗೆರೆ ಗದಗಿನ ಗೆರೆಗಿಂತ ಚುರುಕಾಗಿ ಏರುತ್ತಿತ್ತೇ ಅನ್ನೋದೇ ಕೇಳಬೇಕಾದ ಪ್ರಶ್ನೆ.

ಎಂಟನೇ ಕ್ಲಾಸಿನ ಹುಡುಗಿಯರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹುಡುಗಿಯರು ಅತಿ ವೇಗವಾಗಿ ಬೆಳೆಯೋದು ಮೈನೆರೆಯುವುದಕ್ಕಿಂತ ಸ್ವಲ್ಪ ಮುಂಚೆ, ಆಮೇಲೆ ವೇಗ ಇಳಿಯುತ್ತೆ. ಪೌಷ್ಟಿಕತೆ ಕಡಿಮೆ ಇರೋ ಕಡೆ ಮೈನೆರೆಯೋದೂ ತಡ. ಹಾಗಾಗಿ ಒಂದೇ ಕ್ಲಾಸಿನ, ಒಂದೇ ವಯಸ್ಸಿನ ಹುಡುಗಿಯರಲ್ಲಿ ಗದಗಿನವರು ಆ ಓಟ ಮುಗಿಸಿ ಬಂದಿರಬಹುದು, ಯಾದಗಿರಿಯವರು ಆಗತಾನೇ ಓಡ್ತಾ ಇರಬಹುದು. ಆಗ ಮೊಟ್ಟೆ ಮುಟ್ಟದೆಯೂ ಯಾದಗಿರಿಯ ಹುಡುಗಿಯರ ತೂಕವೇ ಹೆಚ್ಚು ಏರುತ್ತೆ. ಹೀಗೇ ಆಗಿದೆ ಅಂತ ನಾನು ಹೇಳ್ತಾ ಇಲ್ಲ. ಆದರೆ ಇದನ್ನು ತಳ್ಳಿಹಾಕದೆ "ಮೊಟ್ಟೆಯಿಂದ" ಅನ್ನೋ ಪದ ಬರೆಯೋ ಹಾಗಿಲ್ಲ. ಮೊಟ್ಟೆ ಮತ್ತು ತೂಕ ಜೊತೆಜೊತೆಗೆ ಕಂಡವು ಅನ್ನಬಹುದು, ಅಷ್ಟೇ. ಪಠ್ಯಪುಸ್ತಕದವರು ಇದನ್ನೇ ಸಹಸಂಬಂಧ ಅಂತಾರೆ.

ಎಲ್ಲ ಅಡ್ಡ ಕಾರಣಗಳನ್ನೂ ಹೀಗೆ ಕಳೆದುಬಿಡೋದೂ ತಪ್ಪು. ಮೊಟ್ಟೆಯ ಆಸೆಗೆ ಮಕ್ಕಳು ಹೆಚ್ಚು ದಿನ ಶಾಲೆಗೆ ಬಂದರು, ಹಾಗಾಗಿ ಊಟವೂ ಹೆಚ್ಚು ದಿನ ಸಿಕ್ಕಿತು ಅಂತಿಟ್ಟುಕೊಳ್ಳಿ. ಅಲ್ಲಿ ತೂಕ ತಂದದ್ದು ಹಾಜರಾತಿ, ಹಾಜರಾತಿ ತಂದದ್ದು ಮೊಟ್ಟೆ. ಆ ಲಾಭ ಮೊಟ್ಟೆಯ ಖಾತೆಗೇ ಹೋಗಬೇಕು.

ಮೊಟ್ಟೆ ವಿರೋಧಿಸೋರ ಕಡೆಯೂ ಇದೇ ರೋಗ, ಇನ್ನೂ ಜೋರಾಗಿದೆ. ಅದೇ 2022ರಲ್ಲಿ ಹೊಸ ಶಿಕ್ಷಣ ನೀತಿಗಾಗಿ ಕರ್ನಾಟಕದಿಂದ ಹೋದ ಒಂದು ಪೊಸಿಷನ್ ಪೇಪರ್, ಭಾರತೀಯರ ಮೈಕಟ್ಟು ಚಿಕ್ಕದು, ಮೊಟ್ಟೆ–ಮಾಂಸವನ್ನು ನಿಯಮಿತವಾಗಿ ತಿಂದರೆ ಜೀವನಶೈಲಿಯ ಕಾಯಿಲೆ ಬರುತ್ತೆ ಎಂದಿತ್ತು. ಸರ್ವೆ ಮಾಡಿದವರು ಕನಿಷ್ಠ ತಕ್ಕಡಿ ಹಿಡಿದು ಶಾಲೆಗೆ ಹೋಗಿದ್ದರು. ಬೊಜ್ಜು, ಸಕ್ಕರೆ ಕಾಯಿಲೆ ಹೆಚ್ಚಾದ ಊರುಗಳಲ್ಲಿ ಮೊಟ್ಟೆಯೂ ಹೆಚ್ಚು ಖರ್ಚಾಗ್ತಿರಬಹುದು, ಬೈಕೂ ಹೆಚ್ಚು ಮಾರಾಟ ಆಗ್ತಿರುತ್ತೆ. ಬಾಡಿದ ಮುಖದ ಹತ್ತು ವರ್ಷದ ಹುಡುಗನ ಮೇಲೆ ಅದನ್ನು ಹೊರಿಸೋದು ಯಾವ ನ್ಯಾಯ?

ಹಾಗಾದರೆ ಕಾರಣ ಅಂತ ಗಟ್ಟಿಯಾಗಿ ಹೇಳೋದು ಹೇಗೆ? ಒಂದು ದಾರಿ ಚೀಟಿ ಎತ್ತೋದು. ಈಕ್ವೆಡಾರ್‌ನಲ್ಲಿ ಆರರಿಂದ ಒಂಬತ್ತು ತಿಂಗಳಿನ 163 ಕೂಸುಗಳನ್ನು ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಆ ಗುಂಪಿನಲ್ಲಿ ಬೆಳವಣಿಗೆ ಕುಂಠಿತವಾದದ್ದು ಶೇ 47ರಷ್ಟು ಕಡಿಮೆ. ಅದೇ ಪ್ರಯೋಗವನ್ನು ಆಫ್ರಿಕಾದ ಮಲಾವಿಯಲ್ಲಿ 660 ಕೂಸುಗಳ ಮೇಲೆ ಮಾಡಿದಾಗ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿನ ಮಕ್ಕಳು ಸರೋವರದ ಮೀನು ಮೊದಲೇ ತಿನ್ನುತ್ತಿದ್ದದ್ದು ಒಂದು ಕಾರಣ ಇರಬಹುದು ಎಂದರು ಸಂಶೋಧಕರು. ಮೊಟ್ಟೆ ಅದೇ, ತಟ್ಟೆಯಲ್ಲಿ ಉಳಿದದ್ದು ಬೇರೆ. ಯಾದಗಿರಿಯ ಫಲಿತಾಂಶ ನಿಜವೇ ಆಗಿದ್ದರೂ ಅದು ಹಾಗ್‌ಹಾಗೇ ಸವಡಿಗೆ ಬರುತ್ತೆ ಅಂತ ಖಾತ್ರಿ ಇಲ್ಲ.

ನಮ್ಮಲ್ಲಿ ಚೀಟಿ ಎತ್ತದೆಯೂ ಒಂದು ಒಳ್ಳೆ ಪರೀಕ್ಷೆ ತಾನಾಗೇ ನಡೆದಿತ್ತು, ಯಾರೂ ಗಮನಿಸಲಿಲ್ಲ. ಗಜೇಂದ್ರಗಡ ತಾಲೂಕು ಮುಗಿದರೆ ಕೊಪ್ಪಳ ಜಿಲ್ಲೆ. ಅತ್ತ ಕಡೆಯೂ ಅದೇ ಒಣ ಬೇಸಾಯ, ಅದೇ ಜೋಳದ ರೊಟ್ಟಿ, ಅದೇ ಮಾತು, ಕೊಟ್ಟು ತಂದ ಸಂಬಂಧಗಳು. 2021ರ ಡಿಸೆಂಬರ್‌ನಿಂದ ಆ ಕಡೆಯ ಶಾಲೆಯಲ್ಲಿ ಮೊಟ್ಟೆ, ಈ ಕಡೆಯ ಶಾಲೆಯಲ್ಲಿ ಇಲ್ಲ. ದೂರದ ಯಾದಗಿರಿಯನ್ನು ಬಿಟ್ಟು ಗಡಿಯ ಎರಡೂ ಕಡೆಯ ಹಳ್ಳಿಗಳನ್ನು ಹೋಲಿಸಿದ್ದರೆ ಮೊಟ್ಟೆಯ ಪಾಲು ಎಷ್ಟೋ ನಿಚ್ಚಳವಾಗಿ ಕಾಣ್ತಿತ್ತು. ಇದೂ ಪೂರ್ತಿ ಶುದ್ಧ ಅಲ್ಲ, ಒಪ್ಪೋಣ. ಕೊಪ್ಪಳ ಹಿಂದೆ ನಿಜಾಮರ ಸೀಮೆ, 371ಜೆ ಬಂದ ಮೇಲೆ ಅದಕ್ಕೆ ಬೇರೆ ಅನುದಾನವೂ ಇದೆ. ಅದಕ್ಕೇ ಮೊಟ್ಟೆ ಶುರುವಾಗೋ ಮುಂಚಿನ ಬೆಳವಣಿಗೆಯನ್ನೂ ಎರಡೂ ಕಡೆ ನೋಡಬೇಕು. ಮೊದಲು ಜೊತೆಜೊತೆಗೆ ಏರುತ್ತಿದ್ದ ಗೆರೆಗಳು ಡಿಸೆಂಬರ್ ನಂತರ ಬೇರೆಯಾದರೆ ಮಾತಿಗೆ ಬಲ ಬರುತ್ತೆ.

2022ರ ಜುಲೈನಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಬಂತು, ಗದಗಿಗೂ ಮೊಟ್ಟೆ ಸಿಕ್ಕಿತು. ಆ ಹೋಲಿಕೆಯ ಬಾಗಿಲು ಮುಚ್ಚಿತು, ಆದರೆ ಇನ್ನೊಂದು ತೆರೆಯಿತು. ಮೊಟ್ಟೆಯೇ ಕಾರಣ ಆಗಿದ್ದರೆ ಅಲ್ಲಿಂದಾಚೆ ಗಜೇಂದ್ರಗಡದ ಮಕ್ಕಳ ಏರಿಕೆ ಕೊಪ್ಪಳದವರ ಏರಿಕೆಗೆ ಹತ್ತಿರ ಬರಬೇಕು. ಬರದಿದ್ದರೆ ಶೇ 71ರ ಹಿಂದೆ ಬೇರೆ ಏನೋ ಇದೆ.

ಈಗ ಇದನ್ನು ಎತ್ತೋಕೆ ಕಾರಣ ದುಡ್ಡು. ವಾರಕ್ಕೆ ಆರು ದಿನ ಮೊಟ್ಟೆ ಸಿಗ್ತಿರೋದು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಆದ ಒಪ್ಪಂದದಿಂದ. ಆರರಲ್ಲಿ ನಾಲ್ಕು ದಿನದ ಖರ್ಚು ಅವರದ್ದು, ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಅವಧಿ ಮುಗಿದಾಗ ಆ ನಾಲ್ಕು ದಿನ ಯಾರ ಖರ್ಚು ಅನ್ನೋ ಪ್ರಶ್ನೆ ಬಂದೇ ಬರುತ್ತೆ. ನಾವು ಯಾದಗಿರಿಯ ತಲೆಬರಹ ಹಿಡಿದು ಹೋದರೆ, ಎದುರಿನವರು ಒಂದೇ ಒಂದು ಪ್ರಶ್ನೆ ಕೇಳಿ ಅದನ್ನು ಮಡಚಿ ಕೈಗೆ ಕೊಡ್ತಾರೆ. ಎಲ್ಲೋ ಒಂದು ಶಾಲೆಯಲ್ಲಿ ತೂಕ ಏರದಿದ್ದ ಸರ್ವೆ ಹಿಡಿದು "ಮೊಟ್ಟೆಯಿಂದ ಪ್ರಯೋಜನ ಇಲ್ಲ" ಅಂತಲೂ ಬರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ ಬಂದಾಗ ಎತ್ತರ, ತೂಕ ಬರೆದುಕೊಳ್ಳುತ್ತವೆ. ಗಜೇಂದ್ರಗಡ ಮತ್ತು ಪಕ್ಕದ ಕುಷ್ಟಗಿ ತಾಲೂಕಿನ ಆ ದಾಖಲೆಗಳನ್ನು ಮಕ್ಕಳ ಹೆಸರು ತೆಗೆದು ಹೊರಗೆ ಕೊಡಿ ಅಂತ ಈಗಲೇ ಕೇಳಬೇಕು.